“ವಿ ಓನ್ಲಿ ಡನ್” ಅಂದರೆ ಏನು?

ಬೀದರಿನ ಒಂದು ಸಣ್ಣ ಬಿದ್ರಿ ಕಾರ್ಖಾನೆಯಲ್ಲಿ ಆಫೀಸ್ ಕೆಲಸ ನನ್ನದು. ಹೊರದೇಶದ ಗಿರಾಕಿಗಳಿಗೆ ಹೋಗುವ ಇಂಗ್ಲಿಷ್ ಮೇಲ್‌ಗಳನ್ನು ಕಳಿಸುವ ಮುಂಚೆ ತಿದ್ದಿ ಕೊಡುತ್ತೇನೆ. ಬರೆಯುವವನು ಆರ್ಡರ್ ನೋಡಿಕೊಳ್ಳುವ ಹುಡುಗ. ಮಾಲಿನ ವಿಷಯ ಅವನಿಗೆ ನನಗಿಂತ ಜಾಸ್ತಿ ಗೊತ್ತು. ಇಂಗ್ಲಿಷ್ ವ್ಯಾಕರಣ ಮಾತ್ರ ಅಷ್ಟಕ್ಕಷ್ಟೇ. ಮೊದಲ ವರ್ಷ ಅವನ ಒಂದು ಮೇಲ್ ತಿದ್ದಿ ನಾನೇ ಕೆಡಿಸಿದೆ.

ಗಿರಾಕಿಯೊಬ್ಬರಿಗೆ ಹೂದಾನಿ ಹೋಗಿತ್ತು. ಬಿದ್ರಿಯಲ್ಲಿ ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿದ ಗೆರೆಯೊಳಗೆ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರಿನಲ್ಲಿ ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಹೂದಾನಿಯಲ್ಲಿ ಬೆಳ್ಳಿಯ ಒಂದು ಎಸಳು ಎದ್ದಿತ್ತು, ಸುತ್ತ ಕಪ್ಪು ಮಾಸಿತ್ತು. “ಕಪ್ಪು ಮಾಡಲು ಹೊರಗೆ ಕೊಟ್ಟಿದ್ದಿರಾ?” ಅಂತ ಗಿರಾಕಿ ಕೇಳಿದ್ದರು.

ಹುಡುಗ ಬರೆದಿದ್ದ: “ಸರ್, ಬ್ಲ್ಯಾಕ್ ಫಿನಿಶಿಂಗ್ ವಿ ಓನ್ಲಿ ಡನ್. ಐ ಡೌಟ್ ಸಿಲ್ವರ್ ವಿಲ್ ಕಮ್ ಔಟ್ ಮೋರ್. ಸಾರಿ ಫಾರ್ ದಿಸ್ ಹ್ಯಾಪನ್ಡ್.”

ನಾನು ಸರಸರ ತಿದ್ದಿದೆ: “ವಿ ಓನ್ಲಿ ಡಿಡ್ ದಿ ಬ್ಲ್ಯಾಕ್ ಫಿನಿಶಿಂಗ್. ಐ ಡೌಟ್ ದಿ ಸಿಲ್ವರ್ ವಿಲ್ ಕಮ್ ಔಟ್ ಎನಿ ಫರ್ದರ್. ವಿ ಅಪಾಲಜೈಸ್ ಫಾರ್ ಅವರ್ ಮಿಸ್ಟೇಕ್.” ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಆದರೆ ಮೂರು ವಾಕ್ಯಗಳಲ್ಲಿ ಒಂದೂ ಅವನ ಮಾತಲ್ಲ.

ಅವನ ಮನಸ್ಸಿನಲ್ಲಿ ಇದ್ದದ್ದು “ಕಪ್ಪು ನಾವೇ ಮಾಡೀವಿ” ಅಂತ. ಕನ್ನಡದ ಈ “ಏ” ಇಂಗ್ಲಿಷಿಗೆ ಹೋಗುವಾಗ “ಓನ್ಲಿ” ಆಗಿಬಿಡುತ್ತದೆ. “ಇವತ್ತೇ” ಅನ್ನುವುದು “ಟುಡೇ ಇಟ್‌ಸೆಲ್ಫ್” ಆಗುವ ಹಾಗೆ. ನಾನು ಪದದ ಜಾಗ ಬದಲಿಸಿದ ಮೇಲೆ ಅರ್ಥ “ನಾವು ಮಾಡಿದ್ದು ಕಪ್ಪು ಮಾತ್ರ” ಅಂತಾಯಿತು. ಹೊಣೆ ಹೊತ್ತ ಮಾತು ಕೈ ತೊಳೆದುಕೊಂಡ ಮಾತಾಯಿತು. ಎರಡನೆಯದು ಇನ್ನೂ ಕೆಟ್ಟದ್ದು. ನಮ್ಮ ಕಡೆ “ಬೆಳ್ಳಿ ಇನ್ನೂ ಬರ್ತದ ಅಂತ ಡೌಟ್ ಅದ” ಅಂದರೆ ಬರಬಹುದು ಅನ್ನುವ ಭಯ. ಇಂಗ್ಲಿಷಿನವರಿಗೆ “ಐ ಡೌಟ್” ಅಂದರೆ ಬರಲಾರದು ಅಂತ. ಎಚ್ಚರಿಕೆ ಹೋಗಿ ಭರವಸೆಯಾಯಿತು.

ಗಿರಾಕಿ ಹೂದಾನಿಯನ್ನು ಮೊದಲಿನ ಹಾಗೇ ಬಳಸಿದರು, ಇನ್ನೊಂದು ಎಸಳು ಎದ್ದಿತು. “ಹಾಗಾದರೆ ಬೆಳ್ಳಿ ಕೆಲಸ ಯಾರದು? ತಪ್ಪು ನಿಮ್ಮದೇ ಅಂತ ಒಪ್ಪಿದ್ದೀರಲ್ಲ?” ಅಂತ ಮೇಲ್ ಬಂತು. ಹುಡುಗ ಅದನ್ನು ಓದಿ, “ಅಕ್ಕಾ, ನಾ ಹಂಗ ಬರ್ದಿಲ್ರಿ” ಅಂದ. ನಿಜ, ಅವನು ಬರೆದಿರಲಿಲ್ಲ. ಹೀಗಾಗಿದ್ದಕ್ಕೆ ಬೇಜಾರು ಅಂದಿದ್ದ, ಅಷ್ಟೇ. ತಪ್ಪು ಒಪ್ಪಿಕೊಂಡದ್ದು ನಾನು, ಅವನ ಹೆಸರಿನಲ್ಲಿ.

ಆಮೇಲಿಂದ ಅನುಮಾನ ಬಂದ ವಾಕ್ಯವನ್ನು ಸುಮ್ನೆ ತಿದ್ದುವುದಿಲ್ಲ. “ತಮ್ಮಾ, ಇದನ್ನ ಕನ್ನಡದಾಗ ಹೇಳು” ಅಂತೀನಿ. ಅವನು ಹೇಳುವಾಗ ಒತ್ತು ಯಾವ ಪದದ ಮೇಲೆ ಬೀಳುತ್ತದೆ ಅಂತ ಕೇಳಿಸಿಕೊಂಡು ಇಂಗ್ಲಿಷ್ ಬರೆಯುತ್ತೇನೆ. ಬರೆದದ್ದನ್ನು ಮತ್ತೆ ಕನ್ನಡ ಮಾಡಿ ಅವನಿಗೆ ಓದಿ ಹೇಳುತ್ತೇನೆ. ತಿರುಗಿ ಬಂದ ಕನ್ನಡ ಅವನ ಕನ್ನಡಕ್ಕೆ ಕೂಡದಿದ್ದರೆ ನನ್ನ ಇಂಗ್ಲಿಷ್ ತಪ್ಪು. ಒಂದು ಮೇಲ್‌ಗೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ.

“ಎ”, “ದಿ”, ಬಹುವಚನದ “ಎಸ್” ಹಾಕುವಾಗಲೂ ಕೇಳಬೇಕಾಗುತ್ತದೆ. “ಪೀಸ್ ಹ್ಯಾಸ್ ಕ್ರ್ಯಾಕ್” ಅಂತ ಬರೆದಿರುತ್ತಾನೆ. ಕನ್ನಡದಲ್ಲಿ “ಪೀಸ್ ಬಿರುಕು ಬಿಟ್ಟದ” ಅಂದರೆ ಸಾಕು, ಒಂದೋ ನಾಲ್ಕೋ ಮುಂದೆ ಇರುವವರಿಗೆ ಗೊತ್ತಿರುತ್ತದೆ. ಇಂಗ್ಲಿಷಿನಲ್ಲಿ ನಾನು ಒಂದನ್ನು ಆರಿಸಲೇಬೇಕು. ಊಹೆಯಿಂದ ಹಾಕಿದರೆ ಲೆಕ್ಕವನ್ನೇ ನಾನು ಹುಟ್ಟಿಸಿದ ಹಾಗೆ. ಅವನ ಚಿಕ್ಕ ವಾಕ್ಯ, ಮೊದಲಲ್ಲಿ ಬರುವ “ಸರ್”, ಇವನ್ನು ಮುಟ್ಟುವುದಿಲ್ಲ. ಅದು ಅವನು ಮಾತಾಡುವ ರೀತಿ, ಅರ್ಥಕ್ಕೆ ಅಡ್ಡಿಯಿಲ್ಲ.

ಆ ದಿನ ಇಬ್ಬರೂ ಕೂತು ಮತ್ತೆ ಬರೆದೆವು: “ಸರ್, ವಿ ಡಿಡ್ ಆಲ್ ದಿ ವರ್ಕ್ ಅವರ್‌ಸೆಲ್ವ್ಸ್, ಬೋತ್ ದಿ ಸಿಲ್ವರ್ ಅಂಡ್ ದಿ ಬ್ಲ್ಯಾಕ್ ಫಿನಿಶ್. ಐ ಆ್ಯಮ್ ಅಫ್ರೇಡ್ ಮೋರ್ ಸಿಲ್ವರ್ ಮೇ ಕಮ್ ಔಟ್, ಸೋ ಪ್ಲೀಸ್ ಡೋಂಟ್ ಯೂಸ್ ಇಟ್. ಐ ಆ್ಯಮ್ ಸಾರಿ ದಿಸ್ ಹ್ಯಾಪನ್ಡ್.” ಕೆಳಗೆ ಇನ್ನೊಂದು ಸಾಲು ಸೇರಿಸಿದೆವು. ಹಿಂದಿನ ಮೇಲ್‌ನ ಇಂಗ್ಲಿಷ್ ತಿದ್ದುವಾಗ ಆಫೀಸಿನಲ್ಲಿ ಅರ್ಥ ಬದಲಾಯಿತು, ಬರೆದವನದ್ದಲ್ಲ ಆ ತಪ್ಪು ಅಂತ. ಹೂದಾನಿ ರಿಪೇರಿಗೆ ವಾಪಸ್ ಬಂತು. ಎಸಳುಗಳನ್ನು ಮತ್ತೆ ಕೂರಿಸುವಾಗ ಹುಡುಗ ಪಕ್ಕದಲ್ಲೇ ನಿಂತಿದ್ದ.