ಹೆಸರು ಹುಟ್ಟಿಸೋ ಯಂತ್ರ: ಅರ್ಧಾಕ್ಷರದ ಕಾಟ ಕೊನೆಗೂ ತೀರಿತು

ನನ್ನ ಕಾಲ್ಪನಿಕ ಬಯಲುಸೀಮೆ ರಾಜ್ಯದ ನಕ್ಷೆಗೆ ಊರ ಹೆಸರು ಬೇಕಿತ್ತು. ಹಿಂದಿನ ತುಂಡು ನೋಡಿ ಮುಂದಿನದನ್ನು ಆರಿಸೋ ಮಾರ್ಕೊವ್ ಚೈನ್ ಬರೆಯೋದು ಒಂದು ಸಂಜೆಯ ಕೆಲಸ, ಅದು ನಿಮಗೂ ಗೊತ್ತು. ಆದರೆ ಅದರಿಂದ ಬಂದ ಹೆಸರುಗಳು ಬಾಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಬಳ್ಳಾರಿ ಮತ್ತು ಚಿಕ್ಕೋಡಿ ಕೊಟ್ಟರೆ "ಬಳ್ಕೋಡಿ". ಹುಬ್ಬಳ್ಳಿ ಮತ್ತು ಶಿಗ್ಗಾವಿ ಕೊಟ್ಟರೆ "ಹುಬ್ಗಾವಿ". ಎರಡು ವಾರ ಇದೇ ಗೋಳು.

ತಪ್ಪು ಇದ್ದದ್ದು ತುಂಡು ಮಾಡುವ ರೀತಿಯಲ್ಲಿ. ನಮಗೆ "ಹಳ್ಳಿ" ಅಂದರೆ ಎರಡು ಅಕ್ಷರ. ಯೂನಿಕೋಡ್‌ಗೆ ಅದು ಐದು: ಹ, ಳ, ಅರ್ಧಾಕ್ಷರ ಮಾಡುವ ವಿರಾಮ, ಳ, ಇಕಾರ. ಒಂದೇ ಹೆಜ್ಜೆ ನೆನಪಿರುವ ಚೈನ್ ವಿರಾಮದ ಮೇಲೆ ನಿಂತಾಗ ಹಿಂದೆ ಳ ಇತ್ತೋ ಬ ಇತ್ತೋ ಮರೆತುಬಿಡುತ್ತದೆ. ಯಾವ ಒತ್ತನ್ನು ಬೇಕಾದರೂ ತಂದು ಅಂಟಿಸುತ್ತದೆ. ನೆನಪನ್ನು ಮೂರಕ್ಕೆ ಏರಿಸಿದರೆ ನನ್ನ ಸಣ್ಣ ಪಟ್ಟಿಯ ಊರುಗಳೇ ವಾಪಸ್ ಬರುತ್ತವೆ. ಅಕ್ಷರವನ್ನು ಇಡಿಯಾಗಿ ಹಿಡಿಯಬೇಕಾದ, ಪೈಥಾನ್‌ನ `regex` ಮಾಡ್ಯೂಲಿನ `\X` ಮೇಲೆ ಆಸೆ ಇಟ್ಟಿದ್ದೆ. ನನ್ನ ಮಶೀನಿನಲ್ಲಿ ಅದೂ ಹಳ್ಳಿಯನ್ನು ಹ, ಳ್, ಳಿ ಅಂತ ಮೂರು ಮಾಡಿತು. ಕೊನೆಗೆ ಒತ್ತು ಸಮೇತ ಅಕ್ಷರ ಹಿಡಿಯುವ ಮಾದರಿಯನ್ನು ನಾನೇ ಬರೆದೆ:

```
(?:[\u0C95-\u0CB9]\u0CCD)*[\u0C95-\u0CB9][\u0CBE-\u0CCC]?\u0C82?|[\u0C85-\u0C94]\u0C82?
```

ಆಮೇಲೂ ಕೆಲವು ಊರು ಒಡೆಯುತ್ತಿದ್ದವು. ಪಟ್ಟಿ ಇಳಿಸಿಕೊಂಡ ಜಾಲತಾಣದ್ದೇ ಕೊಳೆ. ಕಣ್ಣಿಗೆ ಕಾಣದ U+200C ಅಲ್ಲಲ್ಲಿ ಅಡಗಿತ್ತು, ಕೆಲವು ದೀರ್ಘಗಳು ಎರಡು ಕೋಡ್ ಆಗಿ ಕೂತಿದ್ದವು. ಸ್ವಚ್ಛ ಮಾಡಿ ಕೊಡಬಾರದಾ? U+200C ತೆಗೆದು, ಒಡೆದ ದೀರ್ಘಗಳನ್ನು NFC ಮಾಡಿ ಒಂದೇ ಕೋಡ್ ಆಗಿಸಿದ ಮೇಲೆ ಸರಿಹೋಯಿತು.

ಈಗ ಒತ್ತು ಸರಿ. ಆದರೆ "ಬ್ಬ" ಬಂದರೆ ಮುಂದೆ "ಳ್ಳಿ" ಒಂದೇ ದಾರಿ, ಮತ್ತೆ ಹುಬ್ಬಳ್ಳಿಯೇ. ಅದಕ್ಕೆ ಬಾಲ ಕತ್ತರಿಸಿದೆ. ಹಳ್ಳಿ, ಊರು, ಕೆರೆ ಬೇರೆ ಡಬ್ಬಿಗೆ. ಚೈನ್ ನಡೆಯುವುದು ಉಳಿದ ಮೈಯ ಮೇಲೆ ಮಾತ್ರ. ದೇವನಹಳ್ಳಿಯಿಂದ ದೇ-ವ-ನ, ದಾವಣಗೆರೆಯಿಂದ ದಾ-ವ-ಣ. "ವ" ಹತ್ತಿರ ದಾರಿ ಕವಲೊಡೆದು "ದೇವಣ" ಹುಟ್ಟಿತು! ಅದಕ್ಕೆ ಬಾಲ ಅಂಟಿಸುವಾಗ ಸಂಧಿ ಬೇಕೇ ಬೇಕು. ಸುಮ್ನೆ ಅಂಟಿಸಿದರೆ "ದೇವಣಕೆರೆ", "ದೇವಣಊರು". ಕ ಹೋಗಿ ಗ ಬಂದರೆ ದೇವಣಗೆರೆ. ಅಕಾರ ಲೋಪವಾದರೆ ದೇವಣೂರು. ಎರಡನ್ನೂ ಜೋರಾಗಿ ಓದಿ ನೋಡಿ, ಬಸ್ಸಿನ ಬೋರ್ಡ್ ಮೇಲೆ ಇರಬಹುದು ಅನ್ನಿಸುತ್ತದೆ, ಅಲ್ವಾ? ಅರಸೀಕೆರೆ, ತರೀಕೆರೆಗಳನ್ನು ನೋಡಿ ಇನ್ನೊಂದು ನಿಯಮ ಸೇರಿಸಿದೆ: ಈಕಾರದ ಮುಂದೆ ಕ ಬದಲಾಗಬಾರದು.

ಊರು ಆಯಿತು, ಇನ್ನು ಜನ. ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿಂದ ಶಾಸನದ ಹೆಸರುಗಳನ್ನು ಟೈಪ್ ಮಾಡಲು ಶುರು ಮಾಡಿದ್ದೇನೆ. ಅತ್ತಿಮಬ್ಬೆ, ಜಕ್ಕಿಯಬ್ಬೆ ತರಹದವು. ಅಲ್ಲಿ "ಅಬ್ಬೆ" ಬಾಲ. ಆದರೆ ಜಕ್ಕಿಯಬ್ಬೆಯಲ್ಲಿ ನಡುವೆ ಯಕಾರ ಬಂದಿದೆ. ಲೋಪ ಯಾವಾಗ, ಆಗಮ ಯಾವಾಗ ಅನ್ನೋ ಪಟ್ಟಿ ಮೇಜಿನ ಮೇಲೆ ಅರ್ಧ ಬರೆದಿಟ್ಟಿದ್ದೇನೆ.