0.006 ಬಂದರೆ ನೆಗೆಟಿವ್ ಅಂತ ಬರೆದುಕೊಳ್ಳಬೇಡಿ

ಕೀಮೋ ಕೊಡುವ ಡೇ ಕೇರ್‌ನಿಂದ ಫೋನ್ ಬಂದಾಗ ಲ್ಯಾಬಿನಲ್ಲಿ ಯಂತ್ರಗಳ ಬೆಳಗಿನ ಗುಣಮಟ್ಟ ತಪಾಸಣೆ ಮುಗಿಸಿ ಚಾರ್ಟಿಗೆ ಸಹಿ ಹಾಕುತ್ತಿದ್ದೆ. "ಮೇಡಂ, ನಿನ್ನೆ ಕಳಿಸಿದ ಲಿಂಫೋಮಾ ಪೇಷಂಟ್‌ದು ಹೆಪಟೈಟಿಸ್ ಬಿ ಪ್ಯಾನಲ್ ಇನ್ನೂ ಫೈನಲ್ ಆಗಿಲ್ಲ. ಸ್ಕ್ರೀನ್ ಮೇಲೆ ನಂಬರ್ ಬಂದಿದೆ, ಮೂರೂ ಒಂದಕ್ಕಿಂತ ಕಡಿಮೆ. ನೆಗೆಟಿವ್ ಅಂತ ಚೆಕ್‌ಲಿಸ್ಟ್‌ನಲ್ಲಿ ಬರ್ಕೊಂಡಿದೀವಿ. ನೀವು ವ್ಯಾಲಿಡೇಟ್ ಮಾಡಿದ್ರೆ ರಿಟುಕ್ಸಿಮ್ಯಾಬ್ ಹಾಕ್ತೀವಿ."

ತೆರೆದು ನೋಡಿದೆ. ಸರ್ಫೇಸ್ ಆ್ಯಂಟಿಜನ್ 0.42. ಇ ಆ್ಯಂಟಿಜನ್ 0.09. ಟೋಟಲ್ ಕೋರ್ ಆ್ಯಂಟಿಬಾಡಿ 0.006.

"ಸಿಸ್ಟರ್, ಡ್ರಿಪ್ ಶುರುವಾಗಿದೆಯಾ?"

"ಪ್ರೀಮೆಡಿಕೇಶನ್ ಕೊಟ್ಟಾಯ್ತು ಮೇಡಂ. ಔಷಧಿ ಮಿಕ್ಸ್ ಆಗ್ತಿದೆ."

"ಹಾಕಬೇಡಿ. ಡಾಕ್ಟರ್ ಹತ್ತಿರ ನಾನೇ ಮಾತಾಡ್ತೀನಿ. ಕೋರ್ ಆ್ಯಂಟಿಬಾಡಿ ಪಾಸಿಟಿವ್ ಇದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರಲಿಲ್ಲ. ಅವರ ತಪ್ಪೇನೂ ಇರಲಿಲ್ಲ. ಮೂರು ಸಾಲಿನಲ್ಲಿ ಮೂರು ಸಣ್ಣ ಸಂಖ್ಯೆಗಳಿದ್ದರೆ ಯಾರಾದರೂ ಒಂದೇ ರೀತಿಯಲ್ಲಿ ಓದುತ್ತಾರೆ. ಆದರೆ ನಮ್ಮ ಅನಲೈಸರ್‌ನಲ್ಲಿ ಆ ಮೂರು ಟೆಸ್ಟ್‌ಗಳು ಒಂದೇ ವಿಧಾನದಲ್ಲಿ ನಡೆಯುವುದಿಲ್ಲ. ಸರ್ಫೇಸ್ ಆ್ಯಂಟಿಜನ್, ಇ ಆ್ಯಂಟಿಜನ್ ಎರಡೂ ಸ್ಯಾಂಡ್‌ವಿಚ್ ವಿಧಾನದವು. ರಕ್ತದಲ್ಲಿ ಹುಡುಕುವ ವಸ್ತು ಹೆಚ್ಚಿದ್ದಷ್ಟೂ ಸಿಗ್ನಲ್ ಏರುತ್ತದೆ, 1 ದಾಟಿದರೆ ರಿಯಾಕ್ಟಿವ್. ಕೋರ್ ಆ್ಯಂಟಿಬಾಡಿಯದು ಕಾಂಪಿಟಿಟಿವ್ ವಿಧಾನ. ರೀಏಜೆಂಟ್‌ನಲ್ಲಿ ಮೊದಲೇ ಕೋರ್ ಆ್ಯಂಟಿಜನ್ ಇರುತ್ತದೆ. ರೋಗಿಯ ರಕ್ತದಲ್ಲಿ ಆ್ಯಂಟಿಬಾಡಿ ಇದ್ದರೆ ಅದು ಹೋಗಿ ಆ ಆ್ಯಂಟಿಜನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಯಂತ್ರ ತನ್ನ ಗುರುತು ಹಚ್ಚಿದ ಆ್ಯಂಟಿಬಾಡಿಯನ್ನು ಬಿಡುತ್ತದೆ. ತುಂಬಿದ ಬಸ್ಸು ಹತ್ತಿದವರ ಹಾಗೆ ಅದಕ್ಕೆ ಕೂರಲು ಜಾಗವೇ ಸಿಗುವುದಿಲ್ಲ, ಸಿಗ್ನಲ್ ಬೀಳುತ್ತದೆ. ಹಾಗಾಗಿ ಇಲ್ಲಿ 1ಕ್ಕಿಂತ ಮೇಲಿದ್ದರೆ ನಾನ್ ರಿಯಾಕ್ಟಿವ್, 1 ಅಥವಾ ಅದಕ್ಕಿಂತ ಕೆಳಗಿದ್ದರೆ ರಿಯಾಕ್ಟಿವ್. 0.006 ಎಂದರೆ ಅಂಚಿನಲ್ಲಿರುವ ಫಲಿತಾಂಶವೂ ಅಲ್ಲ, ಗಟ್ಟಿ ಪಾಸಿಟಿವ್. ಎಲ್ಲ ಕಂಪನಿಯ ಕಿಟ್‌ಗಳೂ ಹೀಗಿಲ್ಲ. ಕೆಲವು ಯಂತ್ರಗಳಲ್ಲಿ ಕೋರ್ ಆ್ಯಂಟಿಬಾಡಿಯ ಸಂಖ್ಯೆಯೂ ಏರುಮುಖವಾಗಿಯೇ ಇರುತ್ತದೆ. ಒಂದು ಲ್ಯಾಬಿನ ರಿಪೋರ್ಟ್ ಓದಿ ರೂಢಿಯಾದವರು ಇನ್ನೊಂದರಲ್ಲಿ ಎಡವುವುದು ಇದರಿಂದಲೇ.

ಅನಲೈಸರ್ ಆ ಸಂಖ್ಯೆಯ ಪಕ್ಕದಲ್ಲಿ "ರಿಯಾಕ್ಟಿವ್" ಅಂತ ಸರಿಯಾಗಿಯೇ ಫ್ಲ್ಯಾಗ್ ಹಾಕಿತ್ತು. ಇಂಟರ್‌ಫೇಸ್ ದಾಟಿ ಆಸ್ಪತ್ರೆಯ ಸಾಫ್ಟ್‌ವೇರ್‌ಗೆ ಬರುವಾಗ ಫ್ಲ್ಯಾಗ್ ಉದುರಿಹೋಗಿ ಬರೀ ಅಂಕಿ ಉಳಿದಿತ್ತು. ವ್ಯಾಲಿಡೇಟ್ ಆಗದ ಫಲಿತಾಂಶ ವಾರ್ಡಿನ ಸ್ಕ್ರೀನಿಗೆ ಹೋಗಲೇಬಾರದು ಎಂದು ನಾವು ಬರೆದು ಕೊಟ್ಟ ಪತ್ರ ಆಗಲೇ ಯಾವುದೋ ಫೈಲಿನಲ್ಲಿತ್ತು. ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ ಎಂಬುದು ಆಡಳಿತದವರ ಉತ್ತರ. ಕೀಮೋ ಕೊಡುವ ಕಡೆ ಇಂಥ ಮಾತನ್ನು ಹೇಗೆ ಒಪ್ಪಿಕೊಳ್ಳುವುದೋ ನನಗೆ ಗೊತ್ತಿಲ್ಲ.

ಕನ್ಸಲ್ಟಂಟ್ ಫೋನ್ ತೆಗೆಯಲಿಲ್ಲ. ಅವರು ರೌಂಡ್ಸ್‌ನಲ್ಲಿದ್ದರು. ಅಷ್ಟರಲ್ಲಿ ಆ ರೋಗಿಯ ನಿನ್ನೆಯ ಸ್ಯಾಂಪಲ್ಲನ್ನೇ ಹೊರಗೆ ತೆಗೆಸಿದೆ. ಫೈಬ್ರಿನ್ ಎಳೆಗಳಿದ್ದರೆ ಪ್ರೋಬ್ ಸರಿಯಾಗಿ ಹೀರದೆ ಸುಳ್ಳು ಫಲಿತಾಂಶ ಬರಬಹುದು, ಅದಕ್ಕೆ ಮತ್ತೆ ಸೆಂಟ್ರಿಫ್ಯೂಜ್ ಮಾಡಿ ಎರಡು ಸಲ ಹಾಕಲು ಟೆಕ್ನಿಶಿಯನ್‌ಗೆ ಹೇಳಿದೆ. ಬೆಳಗಿನ ಕಂಟ್ರೋಲ್ ಎರಡೂ ಹದ್ದಿನೊಳಗೇ ಇದ್ದವು. ರನ್ ಮುಗಿಯಲು ಅರ್ಧ ಗಂಟೆ ಬೇಕು. ಡೇ ಕೇರ್‌ನಿಂದ ಮತ್ತೆ ಫೋನ್, ಈ ಸಲ ರೆಸಿಡೆಂಟ್. "ಮೇಡಂ, ಸರ್ಫೇಸ್ ನೆಗೆಟಿವ್, ಇ ಆ್ಯಂಟಿಜನ್ನೂ ನೆಗೆಟಿವ್. ಮೂರರಲ್ಲಿ ಎರಡು ನೆಗೆಟಿವ್ ಇರೋವಾಗ ಒಂದಕ್ಕೋಸ್ಕರ ಕೀಮೋ ನಿಲ್ಲಿಸಬೇಕಾ? ಪೇಷಂಟ್ ಊಟ ಬಿಟ್ಟು ಕೂತಿದ್ದಾರೆ."

ಈ "ಮೂರರಲ್ಲಿ ಎರಡು" ಎಂಬ ಲೆಕ್ಕವನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಇಲ್ಲಿ ಬಹುಮತದ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಒಂದೊಂದು ಟೆಸ್ಟ್ ಕೇಳುವ ಪ್ರಶ್ನೆಯೇ ಬೇರೆ. ಸರ್ಫೇಸ್ ಆ್ಯಂಟಿಜನ್ ವೈರಸ್ಸಿನ ಹೊರಕವಚದ ಪ್ರೋಟೀನು. ಅದು ಸಿಕ್ಕರೆ ಸೋಂಕು ಈಗ ಇದೆ ಎಂದರ್ಥ, ಆರು ತಿಂಗಳಾದರೂ ಹೋಗದಿದ್ದರೆ ದೀರ್ಘಕಾಲದ ಸೋಂಕು. ಕೋರ್ ಆ್ಯಂಟಿಬಾಡಿ ಕೇಳುವುದು ಈ ವೈರಸ್ ಎಂದಾದರೂ ಈ ದೇಹದೊಳಗೆ ಬಂದಿತ್ತೇ ಎಂದು. ಲಸಿಕೆಯಲ್ಲಿರುವುದು ಸರ್ಫೇಸ್ ಪ್ರೋಟೀನ್ ಮಾತ್ರ, ಆದ್ದರಿಂದ ಲಸಿಕೆಯಿಂದ ಕೋರ್ ಆ್ಯಂಟಿಬಾಡಿ ಹುಟ್ಟುವುದಿಲ್ಲ. ನಿಜವಾದ ವೈರಸ್ ಬಂದುಹೋದವರಲ್ಲಿ ಅದು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಬಂದುಹೋಗಿದೆ ಎಂದು ಮಾತಿಗೆ ಹೇಳುತ್ತೇವೆ, ಆದರೆ ಅದು ಪೂರ್ತಿ ಹೋಗಿರುವುದಿಲ್ಲ. ಪಿತ್ತಜನಕಾಂಗದ ಜೀವಕೋಶಗಳ ನ್ಯೂಕ್ಲಿಯಸ್‌ನಲ್ಲಿ ವೈರಸ್ಸಿನ ಡಿಎನ್‌ಎ ಮುಚ್ಚಿದ ಉಂಗುರದ ರೂಪದಲ್ಲಿ ಕುಳಿತಿರುತ್ತದೆ. ಅದು ಏಳದಂತೆ ರೋಗನಿರೋಧಕ ವ್ಯವಸ್ಥೆ ಹಿಡಿದಿಟ್ಟಿರುತ್ತದೆ. ಆ್ಯಂಟಿಬಾಡಿ ತಯಾರಿಕೆಯ ಮೂಲವಾದ ಬಿ ಲಿಂಫೋಸೈಟ್‌ಗಳನ್ನು ರಿಟುಕ್ಸಿಮ್ಯಾಬ್ ಅಳಿಸಿಹಾಕಿದಾಗ ಆ ಹಿಡಿತ ಸಡಿಲಾಗುತ್ತದೆ, ವೈರಸ್ ಮತ್ತೆ ಹೆಚ್ಚತೊಡಗುತ್ತದೆ. ಕೊನೆಯ ಡೋಸ್ ಆಗಿ ತಿಂಗಳುಗಳು ಕಳೆದ ಮೇಲೂ ಇದು ಆಗಬಹುದು. ಲಿವರ್ ಫೇಲ್ ಆಗಿ ಸತ್ತವರಿದ್ದಾರೆ. 2013ರಲ್ಲಿ ಅಮೆರಿಕದ ಎಫ್‌ಡಿಎ ಈ ಔಷಧಿಯ ಲೇಬಲ್ ಮೇಲೆ ಬಾಕ್ಸ್ ಹಾಕಿದ ಎಚ್ಚರಿಕೆ ಸೇರಿಸಿದ್ದು, ಶುರುಮಾಡುವ ಮೊದಲು ಸರ್ಫೇಸ್ ಆ್ಯಂಟಿಜನ್ ಜೊತೆಗೆ ಕೋರ್ ಆ್ಯಂಟಿಬಾಡಿಯನ್ನೂ ನೋಡಲೇಬೇಕು ಎಂದದ್ದು ಈ ಕಾರಣಕ್ಕೇ. ಸರ್ಫೇಸ್ ಒಂದನ್ನೇ ನೋಡಿದರೆ ಇಂಥ ರೋಗಿ ಕಣ್ತಪ್ಪಿಹೋಗುತ್ತಾರೆ.

ಹಾಗಾದರೆ ಇ ಆ್ಯಂಟಿಜನ್ ನೆಗೆಟಿವ್ ಆಗಿರುವುದಕ್ಕೆ ಬೆಲೆಯಿಲ್ಲವೇ ಎಂದು ರೆಸಿಡೆಂಟ್ ಕೇಳಿದರು. ಈ ರೋಗಿಯ ಮಟ್ಟಿಗೆ ಇಲ್ಲ. ಸರ್ಫೇಸ್ ಪಾಸಿಟಿವ್ ಇದ್ದವರಲ್ಲಿ ಮಾತ್ರ ಆ ಪ್ರಶ್ನೆಗೆ ಅರ್ಥ. ವೈರಸ್ ಬೆಳೆಯುವಾಗ ರಕ್ತಕ್ಕೆ ಬಿಡುವ ಪ್ರೋಟೀನು ಅದು, ಪಾಸಿಟಿವ್ ಇದ್ದರೆ ಸಾಮಾನ್ಯವಾಗಿ ವೈರಸ್ ಸಂಖ್ಯೆ ತುಂಬಾ ಹೆಚ್ಚಿರುತ್ತದೆ, ಬೇರೆಯವರಿಗೆ ಹರಡುವ ಸಾಧ್ಯತೆಯೂ ಹೆಚ್ಚು. ಅಲ್ಲಿ ಕೂಡ ಇ ನೆಗೆಟಿವ್ ಎಂದ ಕೂಡಲೇ ಸಮಾಧಾನಪಡುವ ಹಾಗಿಲ್ಲ. ವೈರಸ್ಸಿನ ಪ್ರೀಕೋರ್ ಭಾಗದಲ್ಲಿ 1896ನೇ ಸ್ಥಾನದ ಒಂದು ಅಕ್ಷರ ಬದಲಾದರೆ ಇ ಆ್ಯಂಟಿಜನ್ ತಯಾರಿಕೆ ನಿಲ್ಲುತ್ತದೆ, ವೈರಸ್ ಮಾತ್ರ ಬೆಳೆಯುತ್ತಲೇ ಇರುತ್ತದೆ. ಸರ್ಫೇಸ್ ಪಾಸಿಟಿವ್, ಇ ನೆಗೆಟಿವ್ ಇರುವ ಇಬ್ಬರಲ್ಲಿ ಒಬ್ಬರಿಗೆ ಡಿಎನ್‌ಎ 2000 ಯೂನಿಟ್‌ಗಿಂತ ಕೆಳಗಿದ್ದು, ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಎಎಲ್‌ಟಿ ಸದಾ ನಾರ್ಮಲ್ ಇರಬಹುದು. ಇನ್ನೊಬ್ಬರಿಗೆ ಡಿಎನ್‌ಎ ಲಕ್ಷ ದಾಟಿ ಲಿವರ್ ಸವೆಯುತ್ತಿರಬಹುದು. ಇಬ್ಬರ ಪ್ಯಾನಲ್ ರಿಪೋರ್ಟ್ ಅಚ್ಚು ಹಾಕಿದ ಹಾಗೆ ಒಂದೇ. ಡಿಎನ್‌ಎ ಮಾಡಿಸದೆ, ಎಎಲ್‌ಟಿಯನ್ನು ಕೆಲವು ತಿಂಗಳಿಗೊಮ್ಮೆ ನೋಡದೆ ಅವರನ್ನು ಬೇರೆ ಮಾಡಲಾಗದು.

ರಿಪೀಟ್ 0.006, 0.007 ಬಂತು. ಆದರೂ ಒಂದು ಸಂಶಯ ಉಳಿದಿತ್ತು. ಈ ರೋಗಿಗೆ ಹಿಂದಿನ ವಾರ ರಕ್ತ ಕೊಟ್ಟಿದ್ದರು. ಇಮ್ಯುನೋಗ್ಲೋಬ್ಯುಲಿನ್ ಕೊಟ್ಟರಂತೂ ದಾನಿಗಳ ಕೋರ್ ಆ್ಯಂಟಿಬಾಡಿ ರೋಗಿಯ ರಕ್ತದಲ್ಲಿ ಕೆಲವು ತಿಂಗಳು ಕಾಣಿಸಿಕೊಳ್ಳಬಹುದು, ರಕ್ತ, ಪ್ಲಾಸ್ಮಾದಿಂದಲೂ ಸ್ವಲ್ಪ ಬರಬಹುದು. ಆಗ ಪಾಸಿಟಿವ್ ಬಂದದ್ದು ರೋಗಿಯದೋ ದಾನಿಯದೋ ಹೇಳಲಾಗುವುದಿಲ್ಲ. ದಾಖಲಾದ ದಿನದ ಸೀರಮ್ ಫ್ರಿಜ್‌ನಲ್ಲಿ ಉಳಿದಿತ್ತು, ಅದು ರಕ್ತ ಕೊಡುವ ಮೊದಲಿನದು. ಅದನ್ನು ಹಾಕಿದೆವು. ಅದೂ 0.006. ಅಲ್ಲಿಗೆ ರೋಗಿಯದೇ ಎಂದು ಖಾತ್ರಿಯಾಯಿತು. ಕೀಮೋಗೆ ಬರುವವರ ಹೆಪಟೈಟಿಸ್ ಸ್ಯಾಂಪಲ್ ರಕ್ತ ಅಥವಾ ಇಮ್ಯುನೋಗ್ಲೋಬ್ಯುಲಿನ್ ಕೊಡುವುದಕ್ಕೆ ಮೊದಲೇ ತೆಗೆಯಿರಿ ಎಂದು ನಾವು ಗೋಗರೆಯುವುದು ಇದಕ್ಕೇ. ರಿಟುಕ್ಸಿಮ್ಯಾಬ್ ಶುರುವಾದ ಮೇಲೆ ತೆಗೆದರೆ ಉಲ್ಟಾ ತೊಂದರೆ: ಆ್ಯಂಟಿಬಾಡಿ ತಯಾರಿಸುವ ದಾರಿಯೇ ಕುಂದಿ, ಇದ್ದ ಪಾಸಿಟಿವ್ ಮರೆಯಾಗಿಬಿಡಬಹುದು.

ಕನ್ಸಲ್ಟಂಟ್ ಕೊನೆಗೆ ಸಿಕ್ಕರು. ಎರಡು ಮಾತಿನಲ್ಲಿ ಅರ್ಥಮಾಡಿಕೊಂಡರು, ಅಂದಿನ ಡೋಸ್ ತಡೆದರು. ಅದೇ ಸ್ಯಾಂಪಲ್‌ನಲ್ಲಿ ಸರ್ಫೇಸ್ ಆ್ಯಂಟಿಬಾಡಿ ನೋಡಿದೆವು, 4 ಬಂತು. 10 ಇದ್ದರೆ ರಕ್ಷಣೆ ಇದೆ ಎನ್ನುತ್ತೇವೆ, ಆದರೆ ರಿಟುಕ್ಸಿಮ್ಯಾಬ್ ಕೊಡುವಾಗ ಅದು 10 ದಾಟಿದ್ದರೂ ವೈರಸ್ ಏಳದಂತೆ ಕೊಡುವ ತಡೆಮದ್ದು ಬಿಡುವಂತಿಲ್ಲ. ಡಿಎನ್‌ಎ ಪಿಸಿಆರ್‌ಗೆ ಹೊಸ ಟ್ಯೂಬ್ ಹೋಯಿತು, ಮರುದಿನ ವೈರಸ್ ಸಿಕ್ಕಿಲ್ಲ ಎಂದು ಬಂತು. ಲಿವರ್ ವೈದ್ಯರು ಆ ತಡೆಮದ್ದಾಗಿ ಎಂಟೆಕವಿರ್ 0.5 ಮಿಲಿಗ್ರಾಂ ದಿನಕ್ಕೊಂದು ಶುರುಮಾಡಿದರು, ಅದಾದ ಮೇಲೆ ಕೀಮೋ. ಕೊನೆಯ ರಿಟುಕ್ಸಿಮ್ಯಾಬ್ ಡೋಸ್ ಆದ ಮೇಲೂ ಕನಿಷ್ಠ 12 ತಿಂಗಳು ಮಾತ್ರೆ ಮುಂದುವರಿಯಬೇಕು, ಯುರೋಪಿನ ಮಾರ್ಗಸೂಚಿ 18 ತಿಂಗಳು ಎನ್ನುತ್ತದೆ. ನಿಲ್ಲಿಸಿದ ಮೇಲೂ ಒಂದು ವರ್ಷ ಎಎಲ್‌ಟಿ, ಡಿಎನ್‌ಎ ನೋಡುತ್ತಿರಬೇಕು. ಕ್ಯಾನ್ಸರ್ ವಾಸಿಯಾಯಿತು ಎಂಬ ಖುಷಿಯಲ್ಲಿ ರೋಗಿಗಳು ಬಿಟ್ಟುಬಿಡುವ ಮಾತ್ರೆ ಇದು, ಆದ್ದರಿಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ನಿಲ್ಲಿಸುವ ತಿಂಗಳನ್ನೇ ಬರೆಯಿರಿ ಎಂದು ರೆಸಿಡೆಂಟ್‌ಗೆ ಹೇಳಿದೆ.

ಆಮೇಲೆ ನಮ್ಮ ರಿಪೋರ್ಟಿನಲ್ಲಿ ಕೋರ್ ಆ್ಯಂಟಿಬಾಡಿಯ ಅಂಕಿಯನ್ನೇ ತೆಗೆಸಿದೆ. ರಿಯಾಕ್ಟಿವ್ ಅಥವಾ ನಾನ್ ರಿಯಾಕ್ಟಿವ್ ಎಂಬ ಪದ ಮಾತ್ರ ಹೋಗುತ್ತದೆ. ಸರ್ಫೇಸ್ ನೆಗೆಟಿವ್ ಇದ್ದು ಕೋರ್ ರಿಯಾಕ್ಟಿವ್ ಆದರೆ ಕೆಳಗೆ ಒಂದು ಸಾಲು: "ಹಿಂದೆ ಸೋಂಕು ಆಗಿರುವ ಸಾಧ್ಯತೆ. ರೋಗನಿರೋಧಕ ಶಕ್ತಿ ಕುಗ್ಗಿಸುವ ಚಿಕಿತ್ಸೆಗೆ ಮೊದಲು ಡಿಎನ್‌ಎ ಪರೀಕ್ಷೆ, ಲಿವರ್ ತಜ್ಞರ ಸಲಹೆ." ಈ ಒಂದು ಸಾಲು ಸೇರಿಸಲು ಬೇಕಾದ ಸಹಿಗಳಿಗಾಗಿ ಅಲೆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಇ ಆ್ಯಂಟಿಜನ್ ಮಾತ್ರ ಪ್ಯಾಕೇಜಿನಲ್ಲಿ ಹಾಗೇ ಉಳಿದಿದೆ. ಸರ್ಫೇಸ್ ಪಾಸಿಟಿವ್ ಬಂದರಷ್ಟೇ ಅದನ್ನು ಹಾಕೋಣ, ಉಳಿಯುವ ಹಣದಲ್ಲಿ ಕೋರ್ ರಿಯಾಕ್ಟಿವ್ ಬಂದವರಿಗೆ ಡಿಎನ್‌ಎ ಮಾಡೋಣ ಎಂದು ಮತ್ತೆ ಬರೆದು ಕೊಟ್ಟಿದ್ದೇನೆ.