ಸಂಬಂಧದ ಸ್ಪ್ರೆಡ್‌ನಲ್ಲಿ ಒಂದೇ ಅಂಕೆ ಮತ್ತೆ ಮತ್ತೆ ಬಂದರೆ

"ನಾನು-ಅವನು ಅಂತ ಏಳು ಟ್ಯಾರೋ ಕಾರ್ಡ್ ಹಾಕಿದ್ರೆ ಮೂರು ಕಾರ್ಡ್ ನಾಲ್ಕನೇ ನಂಬರಿನವೇ ಬಂದ್ವು. ಹೋದ ಸಲ ಏಳನೇ ನಂಬರು ಹೀಗೇ ಬಂದಿತ್ತು. ಇದು ರಾಹು-ಕೇತು ಕಾಟವಾ? ಮದುವೆ ಆಗಲ್ಲ ಅಂತಾನಾ?"

ಹೀಗೆ ಕೇಳುವವರಿಗೆ ಉತ್ತರ: ಎರಡೂ ಅಲ್ಲ. ಟ್ಯಾರೋದಲ್ಲಿ ನಾಲ್ಕು ಎಂದರೆ ನೆಲೆ ನಿಂತ ಸ್ಥಿತಿ. ಗೋಡೆ, ಚೌಕಟ್ಟು, ಭದ್ರತೆ ಎಲ್ಲ ಅದರಲ್ಲೇ ಬಂತು. ಹೆಚ್ಚಾದರೆ ಅದೇ ಜಡತೆ. ಏಳು ಎಂದರೆ ಅರ್ಧ ದಾರಿಯಲ್ಲಿ ನಿಂತು ಲೆಕ್ಕ ಹಾಕುವ ಹಂತ: ಮುಂದುವರಿಯಲೋ ಬೇಡವೋ, ಇಷ್ಟು ದಿನ ಹಾಕಿದ್ದು ಕೈಗೆ ಬರುತ್ತದೋ ಇಲ್ಲವೋ ಎಂಬ ಅನುಮಾನ. ಮದುವೆ ಆಗುತ್ತದೋ ಇಲ್ಲವೋ ಎಂದು ಅಂಕೆ ಹೇಳುವುದಿಲ್ಲ. ಸಂಬಂಧ ಈಗ ಯಾವ ಹಂತದಲ್ಲಿದೆ ಎನ್ನುವುದಷ್ಟೇ ಅದರ ಮಾತು.

ರಾಹು-ಕೇತು ಭಯ ಎಲ್ಲಿಂದ ಬರುತ್ತದೆಂದರೆ, ನಮ್ಮಲ್ಲಿ ಪ್ರಚಾರದಲ್ಲಿರುವ ಮೂಲಾಂಕ ಶಾಸ್ತ್ರದಲ್ಲಿ ನಾಲ್ಕು ರಾಹುವಿನದು, ಏಳು ಕೇತುವಿನದು. ಮುಂಬೈಯಲ್ಲಿ ಮೊಬೈಲ್ ನಂಬರ್, ಗಾಡಿ ನಂಬರ್, ಫ್ಲ್ಯಾಟ್ ನಂಬರ್ ಎಲ್ಲಕ್ಕೂ ಅದೇ ಲೆಕ್ಕ. ಅದರಲ್ಲಿ 13ನೇ ತಾರೀಖಿನವರು ನಾಲ್ಕಕ್ಕೆ, 16ನೇ ತಾರೀಖಿನವರು ಏಳಕ್ಕೆ ಬರುತ್ತಾರೆ. ಟ್ಯಾರೋದಲ್ಲಿ 13 ಡೆತ್, 16 ಟವರ್. ಹೀಗಾಗಿ ಎರಡು ಭಯ ಒಂದರ ಮೇಲೊಂದು ಕೂತುಬಿಡುತ್ತವೆ. ಆದರೆ ಟ್ಯಾರೋ ಕಾರ್ಡಿನ ನಾಲ್ಕಕ್ಕೂ ರಾಹುವಿಗೂ ನಂಟಿಲ್ಲ. ಎರಡೂ ಬೇರೆ ಬೇರೆ ಪದ್ಧತಿ. ಒಂದರ ಉತ್ತರಕ್ಕೆ ಇನ್ನೊಂದರ ಪರಿಹಾರ ಮಾಡಿಸಲು ಹೊರಟರೆ ದುಡ್ಡು ಕೊಟ್ಟವರಿಗೆ ಖರ್ಚು, ಮಾಡಿಕೊಟ್ಟವರಿಗೆ ಲಾಭ.

ಅರ್ಥಕ್ಕೆ ಕೈ ಹಾಕುವ ಮೊದಲು ಎಣಿಕೆ ಸರಿಯಾಗಬೇಕು. ಡೆಕ್‌ನ 78 ಕಾರ್ಡುಗಳಲ್ಲಿ ಒಂದರಿಂದ ಹತ್ತರವರೆಗಿನ ಪ್ರತಿ ಅಂಕೆಗೂ ಐದೈದು ಕಾರ್ಡುಗಳಿವೆ: ಕಪ್ಸ್, ಪೆಂಟಕಲ್ಸ್, ಸ್ವೋರ್ಡ್ಸ್, ವಾಂಡ್ಸ್ ಎಂಬ ನಾಲ್ಕು ಗುಂಪುಗಳಲ್ಲಿ ಒಂದೊಂದು, ಹೆಸರಿನಿಂದ ಕರೆಯುವ ಮೇಜರ್ ಕಾರ್ಡುಗಳಲ್ಲಿ ಒಂದು. ನಾಲ್ಕಕ್ಕೆ ಮೇಜರ್ ಎಂಪರರ್, ಏಳಕ್ಕೆ ಚಾರಿಯಟ್. ಚೆನ್ನಾಗಿ ಕಲಸಿದ ಡೆಕ್‌ನಿಂದ ಏಳು ಕಾರ್ಡು ತೆಗೆದರೆ ಯಾವುದಾದರೂ ಒಂದು ಅಂಕೆ ಎರಡು ಸಲ ಬರುವ ಸಾಧ್ಯತೆ ನೂರಕ್ಕೆ 52. ಅಂದರೆ ಜೋಡಿ ಬರುವುದೇ ಸಹಜ, ಬರದಿದ್ದರೆ ಅದು ಕಡಿಮೆ. ಅದನ್ನು ಸಂಕೇತ ಎಂದು ಹಿಡಿದರೆ ಎರಡು ಸ್ಪ್ರೆಡ್‌ಗೊಮ್ಮೆ ಸಂಕೇತ ಸಿಗುತ್ತಲೇ ಇರುತ್ತದೆ. ಯಾವುದೋ ಒಂದು ಅಂಕೆ ಮೂರು ಸಲ ಬರುವುದು ನೂರಕ್ಕೆ ಸುಮಾರು ನಾಲ್ಕು ಸ್ಪ್ರೆಡ್‌ಗಳಲ್ಲಿ. ಅದೂ ನಾಲ್ಕೇ ಆಗಬೇಕೆಂದರೆ ಹೆಚ್ಚುಕಡಿಮೆ 236ರಲ್ಲಿ ಒಂದು. ಆದ್ದರಿಂದ ಏಳು ಕಾರ್ಡಿನ ಸ್ಪ್ರೆಡ್‌ನಲ್ಲಿ ಮೂರು ಬಂದಾಗ ಮಾತ್ರ ಅಂಕೆಯ ಓದಿಗೆ ಕೂರಬೇಕು. ಹತ್ತು ಕಾರ್ಡು ಹಾಕಿದರೆ ಮೂರು ಬರುವುದು ಇನ್ನೂ ಸುಲಭ, ಅಲ್ಲಿ ಸ್ವಲ್ಪ ಬಿಗಿಯಾಗಿರಬೇಕು.

ಇನ್ನೊಂದು ಎಡವಟ್ಟು, ಹಳೆಯ ಪಟ್ಟಿ ಹಿಡಿದು ಓದುವುದು. ರೈಡರ್-ವೇಟ್ ಡೆಕ್ ರೂಪಿಸಿದ ಎ. ಇ. ವೇಟ್ 1910ರಲ್ಲಿ ಕೊಟ್ಟ ಪಟ್ಟಿಯಲ್ಲಿ ನಾಲ್ಕರ ಕಾರ್ಡು ಮೂರು ಬಂದರೆ "ಆಲೋಚಿಸಬೇಕಾದ ವಿಷಯ", ಎರಡು ಬಂದರೆ ನಿದ್ರಾಹೀನತೆ. ಏಳರ ಕಾರ್ಡು ಮೂರು ಬಂದರೆ ಅನಾರೋಗ್ಯ. ಅವರೇ ಸದಸ್ಯರಾಗಿದ್ದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಸಂಘದ ಪಾಠದಲ್ಲಿ ಅದೇ ಮೂರು ಏಳು ಎಂದರೆ ಒಪ್ಪಂದ, ಕರಾರು! ಒಂದೇ ಮನೆಯ ಎರಡು ಪಟ್ಟಿಗಳಿಗೇ ತಾಳಮೇಳವಿಲ್ಲ. ನನ್ನ ಮಟ್ಟಿಗೆ ಈ ಪಟ್ಟಿಗಳು ಇತಿಹಾಸ ತಿಳಿಯಲು ಸರಿ, ಓದಲು ಅಲ್ಲ.

ಓದುವ ಕ್ರಮ ಇಷ್ಟೇ. ಅಂಕೆ ಹಂತವನ್ನು ಹೇಳುತ್ತದೆ. ಆ ಹಂತ ಮನಸ್ಸಿನದೋ, ದುಡ್ಡಿನದೋ, ಮಾತಿನದೋ, ಉಮೇದಿನದೋ ಎನ್ನುವುದನ್ನು ಕ್ರಮವಾಗಿ ಕಪ್ಸ್, ಪೆಂಟಕಲ್ಸ್, ಸ್ವೋರ್ಡ್ಸ್, ವಾಂಡ್ಸ್ ಹೇಳುತ್ತವೆ. ಯಾರ ಕಡೆಯದು ಎನ್ನುವುದು ಕಾರ್ಡು ಬಿದ್ದ ಸ್ಥಾನದಿಂದ ತಿಳಿಯುತ್ತದೆ. ಕೊನೆಗೆ ನೋಡಬೇಕಾದದ್ದು ಆ ಅಂಕೆಯಲ್ಲಿ ಬಾರದೇ ಉಳಿದ ಕಾರ್ಡು ಯಾವುದು ಎಂದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ಒಂದು ಸ್ಪ್ರೆಡ್ ಇಟ್ಟುಕೊಂಡು ನೋಡೋಣ. ಹುಡುಗಿ ಮುಂಬೈ ಪಕ್ಕದ ಡೊಂಬಿವಲಿಯವಳು, ಹುಡುಗ ಪುಣೆಯ ಹಿಂಜೆವಾಡಿಯಲ್ಲಿ ಕೆಲಸದಲ್ಲಿದ್ದಾನೆ. ಇಬ್ಬರದೂ ಕನ್ನಡದ ಮನೆ, ಜಾತಿ ಬೇರೆ. ಕೇಳುವವಳು ಹುಡುಗಿ: "ಮನೇಲಿ ಈಗಲೇ ಮಾತೆತ್ತೋದಾ?" ರೈಡರ್-ವೇಟ್ ಡೆಕ್, ಏಳು ಸ್ಥಾನ. ಅವಳು: ಫೋರ್ ಆಫ್ ಕಪ್ಸ್. ಅವನು: ಫೋರ್ ಆಫ್ ಪೆಂಟಕಲ್ಸ್. ಇಬ್ಬರನ್ನು ಕಟ್ಟಿರುವುದು: ಟೂ ಆಫ್ ಕಪ್ಸ್. ಕಳೆದದ್ದು: ನೈಟ್ ಆಫ್ ವಾಂಡ್ಸ್. ತಡೆ: ಸಿಕ್ಸ್ ಆಫ್ ಸ್ವೋರ್ಡ್ಸ್. ಮನೆಯವರು: ಎಂಪರರ್. ಮುಂದಿನ ದಾರಿ: ಡೆತ್.

ನಾಲ್ಕರ ಕಾರ್ಡುಗಳು ಮೂರು, ಅದರಲ್ಲೂ ಅವಳು, ಅವನು, ಮನೆಯವರು ಎಂಬ ಮೂರು ಜನರ ಸ್ಥಾನದಲ್ಲೇ. ಯಾರೂ ಬೇಡ ಎನ್ನುತ್ತಿಲ್ಲ, ಯಾರೂ ಕದಲುತ್ತಲೂ ಇಲ್ಲ. ಅವಳ ಕಾರ್ಡಿನಲ್ಲಿ ಯುವಕನೊಬ್ಬ ಮರದಡಿ ಕೈಕಟ್ಟಿ ಕೂತಿದ್ದಾನೆ, ಎದುರಿಗೆ ಮೂರು ಬಟ್ಟಲು. ಮೋಡದಿಂದ ಒಂದು ಕೈ ನಾಲ್ಕನೆಯದನ್ನು ನೀಡುತ್ತಿದೆ, ಅವನು ಅತ್ತ ನೋಡುತ್ತಿಲ್ಲ. ಮನಸ್ಸು ಬೇಸತ್ತಿದೆ, ಬರುವ ಪ್ರಸ್ತಾಪ ಕಣ್ಣಿಗೆ ಬೀಳುವ ಸ್ಥಿತಿಯಲ್ಲಿಲ್ಲ. ಅವನ ಕಾರ್ಡಿನಲ್ಲಿ ಒಬ್ಬಾತ ಒಂದು ನಾಣ್ಯವನ್ನು ಎದೆಗವಚಿ, ಒಂದನ್ನು ತಲೆಯ ಮೇಲಿಟ್ಟು, ಎರಡರ ಮೇಲೆ ಕಾಲಿಟ್ಟು ಕೂತಿದ್ದಾನೆ. ಎದ್ದರೆ ಎಲ್ಲ ಉರುಳುತ್ತದೆ. ಇದು ಪ್ರೀತಿ ಕಡಿಮೆ ಎಂಬ ಕಾರ್ಡಲ್ಲ. ಫ್ಲ್ಯಾಟಿನ ಡೌನ್ ಪೇಮೆಂಟ್ ಕೂಡಲಿ, ಆಮೇಲೆ ಬಾಯಿ ಬಿಡೋಣ ಎನ್ನುವವನ ಕಾರ್ಡು. ಅವಳದು ಮನಸ್ಸಿನ ನಾಲ್ಕು, ಅವನದು ದುಡ್ಡಿನ ನಾಲ್ಕು. ಹಾಗಾಗಿ ಅವನು ತಡ ಮಾಡುವುದು ಅವಳಿಗೆ ಉದಾಸೀನವಾಗಿ ಕಾಣುತ್ತದೆ, ಅವಳ ಮೌನ ಅವನಿಗೆ ಒಪ್ಪಿಗೆಯಂತೆ ಕೇಳುತ್ತದೆ.

ಈಗ ಬಾರದ ಕಾರ್ಡು. ನಾಲ್ಕರಲ್ಲಿ ಉಳಿದವು ಸ್ವೋರ್ಡ್ಸ್ ಮತ್ತು ವಾಂಡ್ಸ್. ಫೋರ್ ಆಫ್ ವಾಂಡ್ಸ್ ಎಂದರೆ ನಾಲ್ಕು ಕಂಬ, ಮೇಲೆ ಹೂಮಾಲೆ, ದೂರದಲ್ಲಿ ಸಂಭ್ರಮಿಸುವ ಜನ. ನಮ್ಮ ಕಣ್ಣಿಗೆ ಥೇಟ್ ಮದುವೆ ಚಪ್ಪರ. ಅದು ಬರಲಿಲ್ಲ ಎಂದ ಮಾತ್ರಕ್ಕೆ ಮದುವೆ ಇಲ್ಲ ಎಂದಲ್ಲ. 78ರಲ್ಲಿ 71 ಕಾರ್ಡು ಬರುವುದೇ ಇಲ್ಲವಲ್ಲ. ಬಾರದ ಕಾರ್ಡಿನ ಬದಲು ಬಾರದ ತತ್ತ್ವವನ್ನು ಹುಡುಕಬೇಕು. ವಾಂಡ್ಸ್ ಅಗ್ನಿ. ಈ ಸ್ಪ್ರೆಡ್‌ನಲ್ಲಿ ಅಗ್ನಿ ಎಲ್ಲಿದೆ? ಒಂದು, ಕಳೆದದ್ದರ ಸ್ಥಾನದಲ್ಲಿ ನೈಟ್ ಆಫ್ ವಾಂಡ್ಸ್: ಶುರುವಿನಲ್ಲಿ ಉಮೇದು ಸಾಕಷ್ಟಿತ್ತು. ಇನ್ನೊಂದು, ಎಂಪರರ್. ಗೋಲ್ಡನ್ ಡಾನ್ ಪದ್ಧತಿಯಲ್ಲಿ ಎಂಪರರ್ ಮೇಷ ರಾಶಿಯ ಕಾರ್ಡು, ಸಿಂಹಾಸನದಲ್ಲೇ ಟಗರಿನ ತಲೆಗಳಿವೆ. ಮೇಷ ಅಗ್ನಿತತ್ತ್ವ. ಅಂದರೆ ನಿರ್ಧಾರ ಮಾಡುವ ಕಿಚ್ಚು ಈಗ ಇಬ್ಬರಲ್ಲೂ ಇಲ್ಲ, ಮನೆಯ ಹಿರಿಯರ ಕೈಗೆ ಹೋಗಿದೆ. ಹೀಗಿರುವಾಗ ಮಾತೆತ್ತಿದರೆ ಹಿರಿಯರು ಪ್ರಶ್ನೆ ಕೇಳುತ್ತಾರೆ, ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಅವಳ ಪ್ರಶ್ನೆಗೆ ನನ್ನ ಓದು ಇದು: ಮನೆಯವರ ಮುಂದೆ ಕೂರುವ ಮೊದಲು ದುಡ್ಡಿನ ವಿಷಯ ಇಬ್ಬರೂ ಅಂಕಿಅಂಶ ಇಟ್ಟುಕೊಂಡು ಮಾತಾಡಿಕೊಳ್ಳಬೇಕು. ತಡೆಯ ಸ್ಥಾನದ ಸಿಕ್ಸ್ ಆಫ್ ಸ್ವೋರ್ಡ್ಸ್‌ನಲ್ಲಿ ದೋಣಿಯೊಂದು ಜನರನ್ನು ಆಚೆ ದಡಕ್ಕೆ ಒಯ್ಯುತ್ತಿದೆ. ಯಾರು ಯಾರ ಊರಿಗೆ ಹೋಗುವುದು ಎಂಬ ಮಾತನ್ನೂ ಇಬ್ಬರೂ ಇನ್ನೂ ಆಡಿಲ್ಲ.

ಡೆತ್ ಕಾರ್ಡನ್ನು ನಾಲ್ಕಕ್ಕೆ ಸೇರಿಸಬೇಕೇ? ಒಂದಕ್ಕೆ ಮೂರು ಕೂಡಿದರೆ ನಾಲ್ಕು, ನಿಜ. ಆದರೆ ಹೀಗೆ ಕೂಡಿ ಬರುವ ಕಾರ್ಡನ್ನು ಎಣಿಕೆಗೆ ಹಿಡಿಯಬಾರದು. ಹಿಡಿದರೆ ಎಲ್ಲ ಅಂಕೆಗಳೂ ಉಬ್ಬಿ, ಮೇಲಿನ ಲೆಕ್ಕವೇ ಕೆಡುತ್ತದೆ. ಎರಡು ಮತ್ತು ಎರಡು ಸೇರಿ ನಾಲ್ಕು ಎಂದು ಟೂ ಆಫ್ ಕಪ್ಸನ್ನೂ ಎಳೆದು ತರುವವರಿದ್ದಾರೆ, ಅದಂತೂ ಬೇಡವೇ ಬೇಡ. ಸಹಜವಾಗಿ ಮೂರು ಬಂದಮೇಲೆ ಮಾತ್ರ ಡೆತ್ ಅನ್ನು ಅದೇ ಅಂಕೆಯ ಮುಂದಿನ ಮಾತಾಗಿ ಓದಬಹುದು. ಎಂಪರರ್ ಕಟ್ಟಿದ ಚೌಕಟ್ಟು ಡೆತ್‌ನಲ್ಲಿ ಮುಗಿಯುತ್ತದೆ. ಇಲ್ಲಿ ಮುಗಿಯುವುದು ಸಂಬಂಧ ಎಂದು ಓದಲು ಕಾರಣವಿಲ್ಲ, ಏಕೆಂದರೆ ಕಟ್ಟಿರುವ ಸ್ಥಾನದಲ್ಲಿ ಟೂ ಆಫ್ ಕಪ್ಸ್ ನೇರವಾಗಿ ನಿಂತಿದೆ. ಮುಗಿಯುವುದು ಈಗಿನ ಏರ್ಪಾಟು: ವಾರಕ್ಕೊಮ್ಮೆ ಪುಣೆ-ಮುಂಬೈ ಓಡಾಟ, ಉಳಿದದ್ದು ಆಮೇಲೆ ನೋಡೋಣ ಎನ್ನುವುದು.

ಅದೇ ಮೂರು ಸ್ಥಾನಗಳಲ್ಲಿ ಏಳು ಬಿದ್ದಿದ್ದರೆ ಓದು ಬೇರೆಯೇ ಆಗುತ್ತಿತ್ತು. ಸೆವೆನ್ ಆಫ್ ಕಪ್ಸ್‌ನಲ್ಲಿ ಏಳು ಬಟ್ಟಲುಗಳಲ್ಲಿ ಏಳು ಕನಸು, ಆಯ್ಕೆ ಮುಗಿಯದು. ಸೆವೆನ್ ಆಫ್ ಪೆಂಟಕಲ್ಸ್‌ನಲ್ಲಿ ರೈತ ಗುದ್ದಲಿಗೆ ಒರಗಿ ಬೆಳೆ ನೋಡುತ್ತಾ, ಇಷ್ಟು ದುಡಿದದ್ದಕ್ಕೆ ಸಾಟಿಯೇ ಎಂದು ಅಳೆಯುತ್ತಿದ್ದಾನೆ. ನಾಲ್ಕರಲ್ಲಿ ಯಾರೂ ಅಲುಗುವುದಿಲ್ಲ, ಏಳರಲ್ಲಿ ಎಲ್ಲರೂ ಒಳಗೊಳಗೇ ತೂಗುತ್ತಿರುತ್ತಾರೆ. ನಾಲ್ಕಕ್ಕೆ ಒಂದು ತಳ್ಳು ಬೇಕು. ಏಳಕ್ಕೆ ತಳ್ಳಿದರೆ ಕೆಡುತ್ತದೆ, ಬಚ್ಚಿಟ್ಟ ಲೆಕ್ಕ ಮೊದಲು ಹೊರಗೆ ಬರಬೇಕು. ಸೆವೆನ್ ಆಫ್ ಸ್ವೋರ್ಡ್ಸ್ ಬಂದೊಡನೆ "ಮೋಸ ಮಾಡ್ತಿದ್ದಾನೆ" ಎಂದು ತೀರ್ಪು ಕೊಡುವವರು ಚಿತ್ರ ಸರಿಯಾಗಿ ನೋಡಿರುವುದಿಲ್ಲ. ಆತ ಐದು ಕತ್ತಿ ಎತ್ತಿಕೊಂಡು ಮೆಲ್ಲಗೆ ಹೋಗುತ್ತಿದ್ದಾನೆ, ಎರಡನ್ನು ಅಲ್ಲೇ ಬಿಟ್ಟಿದ್ದಾನೆ. ಒಂಟಿಯಾಗಿ ಬಂದರೆ ಕಳ್ಳತನದ ಮಾತು ಬರಬಹುದು. ಬೇರೆ ಎರಡು ಏಳುಗಳ ಜೊತೆ ಬಂದರೆ ಹೆಚ್ಚಾಗಿ ಅದು ಹೇಳದೆ ಉಳಿಸಿಕೊಂಡ ಅರ್ಧ ಮಾತು. ಉಲ್ಟಾ ಬಿದ್ದ ಕಾರ್ಡನ್ನೂ ಎಣಿಸಬೇಕು. ಆ ಹಂತ ಸಡಿಲವಾಗುತ್ತಿದೆ ಎಂದಷ್ಟೇ ಓದಬೇಕು.

ಪ್ರತಿ ಸಲವೂ ಅದೇ ಅಂಕೆ ಬರುತ್ತಿದ್ದರೆ ಮೊದಲು ಡೆಕ್ ಪರೀಕ್ಷಿಸಿ. ಅಭ್ಯಾಸಕ್ಕೆಂದು ನಾಲ್ಕರ ಕಾರ್ಡುಗಳನ್ನೆಲ್ಲ ಆರಿಸಿ ನೋಡಿ ಒಟ್ಟಿಗೇ ವಾಪಸ್ ಇಟ್ಟಿದ್ದರೆ, ಕೈಯಲ್ಲಿ ಹತ್ತು ಸಲ ಎತ್ತಿ ಹಾಕುವ ಶಫಲ್‌ನಿಂದ ಅವು ಬೇರೆಯಾಗುವುದಿಲ್ಲ. ಟ್ಯಾರೋ ಕಾರ್ಡು ದೊಡ್ಡದು, ಗೊಂಚಲಾಗಿಯೇ ಜಾರುತ್ತದೆ. ಮುಂಬೈ, ಗೋವಾದ ಮಳೆಗಾಲದಲ್ಲಿ ಇನ್ನೂ ಕಷ್ಟ: ತೇವಕ್ಕೆ ಕಾರ್ಡು ಉಬ್ಬಿ ಒಂದಕ್ಕೊಂದು ಅಂಟಿಕೊಂಡು ಜೋಡಿಯಾಗಿಯೇ ಹೊರಬರುತ್ತವೆ. ಎಲ್ಲ ಕಾರ್ಡುಗಳನ್ನೂ ಕವುಚಿ ಮೇಜಿನ ಮೇಲೆ ಹರಡಿ, ಎರಡೂ ಅಂಗೈಯಲ್ಲಿ ಒಂದು ನಿಮಿಷ ಕಲಸಿ, ಆಮೇಲೆ ಒಟ್ಟುಮಾಡಿ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದೇ ಪ್ರಶ್ನೆಗೆ ಅದೇ ದಿನ ಮತ್ತೆ ಹಾಕಬೇಡಿ. ನಾಲ್ಕು ಸಲ ಹಾಕಿ ಬೇಕಾದ ಸ್ಪ್ರೆಡ್ ಆರಿಸಿಕೊಂಡರೆ, ಮೇಲೆ ಹೇಳಿದ 236ರ ಲೆಕ್ಕ ಅಲ್ಲಿ ಅನ್ವಯಿಸುವುದಿಲ್ಲ.